ಅಜ್ಜಿಯ ಹಾಡು ಒಂಬತ್ತನೆಯದು

ಮದುಮಗಳ ತಂಗಿಗೆ ಮನೆಯಲ್ಲಿದ್ದ ಹೆಸರು ಪಿಸುಮಾತು. ಪಕ್ಕದಲ್ಲಿ ಕೂತವರಿಗೂ ಕೇಳಿಸಿತೋ ಇಲ್ಲವೋ ಎಂಬಂತೆ ಮಾತಾಡುವ ಹುಡುಗಿ. ಸಂಗೀತ ಸಂಜೆಗೆ ಹಾಡುಗಳನ್ನು ಆರಿಸಿ ಸಾಲಾಗಿ ಕೂರಿಸುವ ಕೆಲಸ ಅವಳ ತಲೆಗೆ ಬಂದದ್ದೂ ಅದಕ್ಕೇ. ಅವಳು ಕುಣಿಯುವವಳಲ್ಲ, ಹಾಡುವವಳಲ್ಲ, ಅಕ್ಷರ ಮಾತ್ರ ದುಂಡಗಿದೆ. ಬರೆದುಕೊಂಡಿರಲಿ ಎಂದು ಅಜ್ಜಿಯ ಮಗಳಾದ ಅತ್ತೆ ತೀರ್ಮಾನಿಸಿದ್ದರು.

ಬರೆಯುವುದೇನೋ ಸುಲಭ. ಹದಿನಾಲ್ಕು ಹಾಡುಗಳನ್ನು ಒಂದರ ಹಿಂದೊಂದು ನಿಲ್ಲಿಸುವುದು ಮಾತ್ರ ಮದುವೆಯ ಗುಂಪು ಫೋಟೋಗೆ ಎಲ್ಲರನ್ನೂ ನಿಲ್ಲಿಸಿದ ಹಾಗೆ. ಒಬ್ಬರು ಕೂತರೆ ಇನ್ನೊಬ್ಬರು ಮಾಯ. ಏಳು ಮಕ್ಕಳ ಕುಣಿತ ಮೊದಲ ಅರ್ಧ ಗಂಟೆಯಲ್ಲೇ ಮುಗಿಯಬೇಕು, ಆಮೇಲೆ ಅವು ಅಳುತ್ತವೆ, ಇಲ್ಲವೇ ನಿದ್ದೆ ಹೋಗುತ್ತವೆ. ಅಕ್ಕ ಮೂರು ಹಾಡುಗಳಲ್ಲಿ ಕುಣಿಯುತ್ತಾಳೆ. ಪ್ರತಿ ಸಲ ಬಟ್ಟೆ ಬದಲಿಸಲು ನಡುವೆ ಎರಡು ಹಾಡಾದರೂ ಬೇಕು. ಎರಡು ನಿಧಾನದ ಹಾಡು ಒಟ್ಟಿಗೆ ಬಂದರೆ ಜನ ಊಟದ ಕಡೆ ನೋಡಲು ಶುರುಮಾಡುತ್ತಾರೆ. ಇಷ್ಟನ್ನೂ ಅವಳು ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಹಾಳೆ ತೂತು ಬೀಳುವಷ್ಟು ಮತ್ತೆ ಬರೆದಿದ್ದಳು. ಬಗೆಹರಿಯದೆ ಉಳಿದದ್ದು ಒಂದೇ, ಅಜ್ಜಿಯ ಹಾಡು.

"ಅಮ್ಮಂದು ಮೊದಲನೇದು," ಎಂದರು ಅತ್ತೆ. "ಹಿರಿಯರು ಶುರು ಮಾಡಿದ್ರೆ ಲಕ್ಷಣ."

"ಲಕ್ಷಣ ಅಲ್ಲ, ನನ್ನ ಮುಗಿಸಿ ಕೈ ತೊಳ್ಕೊಳೋಕೆ," ಎಂದರು ಅಜ್ಜಿ, ಒಗೆದ ಬಟ್ಟೆ ಮಡಚುತ್ತ. "ದೊಡ್ಡವನ ಮಗಳ ಮದುವೇಲಿ ಹಾಗೇ ತಾನೆ ಮಾಡಿದ್ದು? ಜನ ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಇದ್ರು. ನಾನು ಎರಡನೇ ಸಾಲು ಹಾಡ್ತಿದ್ರೆ ಒಬ್ಬ ಬಂದು ಪಕ್ಕದ ಮೈಕಲ್ಲಿ ಹಲೋ ಹಲೋ ಅಂದ. ನಾನು ಖಾಲಿ ಕುರ್ಚಿಗೆ ಹಾಡಿದ್ದು ಸಾಕು. ಈ ಸಲ ಮೊದಲನೇದು ಅಂದ್ರೆ ನಾನು ಎದ್ದು ಬರೋಳಲ್ಲ."

ಕೊನೆಗೆ ಇಡೋಣವೆಂದರೆ ಎಂಟೂವರೆಗೆ ಅಜ್ಜಿಯ ಮಾತ್ರೆ. ಅದನ್ನು ನುಂಗಿದ ಮೇಲೆ ಅವರ ಕಣ್ಣು ಅವರ ಮಾತು ಕೇಳುವುದಿಲ್ಲ. ಉಳಿದದ್ದು ನಡುವಿನ ಜಾಗ. ಎಂಟು ಗಂಟೆಯ ಸುಮಾರಿಗೆ, ಸಭೆ ಪೂರ್ತಿ ತುಂಬಿದಾಗ, ಒಂಬತ್ತನೆಯದಾಗಿ. ಆದರೆ ಅದರ ಬೆನ್ನಿಗೇ ಹತ್ತನೆಯದು ಹುಡುಗರ ಹತ್ತು ನಿಮಿಷದ ದೊಡ್ಡ ಕುಣಿತ. ಅದರ ಯಜಮಾನ ದೊಡ್ಡಪ್ಪನ ಮಗ, ಎಲ್ಲರ ಬಾಯಲ್ಲೂ ಡ್ಯಾನ್ಸ್ ಮಾಸ್ಟರ್.

"ಪಿಸು, ನೀನೇ ಯೋಚನೆ ಮಾಡು," ಎಂದ ಅವನು. "ಅಜ್ಜಿ ಉಯ್ಯಾಲೆ ಹಾಡು ಹಾಡಿ ಎಲ್ಲರನ್ನೂ ತೂಗಿ ಮಲಗಿಸ್ತಾರೆ. ಆಮೇಲೆ ನಾವು ಬಂದು ಎಬ್ಬಿಸಬೇಕಾ? ಎರಡು ತಿಂಗಳು ಮೊಣಕಾಲು ತೇದಿದ್ದೀವಿ. ಬೇರೆಲ್ಲಾದ್ರೂ ಹಾಕು."

ಬೇರೆಲ್ಲೂ ಜಾಗವಿಲ್ಲ ಎಂದು ಅವಳು ಹೇಳಿದಳು. ಅವನಿಗೆ ಕೇಳಿಸಲಿಲ್ಲ.

ದಾರಿ ಸಿಕ್ಕಿದ್ದು ಮಾರನೆಯ ದಿನ ಮಧ್ಯಾಹ್ನ. ಮಹಡಿಯ ಮೇಲೆ ಹುಡುಗರು ಅಭ್ಯಾಸ ಮಾಡುತ್ತಿದ್ದರು. ಛಾವಣಿಯಿಂದ ಧಬ್ ಧಬ್ ಎಂದು ಹೆಜ್ಜೆ ಉದುರುತ್ತಿತ್ತು. ಕೆಳಗೆ ಅಜ್ಜಿ ತಮ್ಮ ಪಾಡಿಗೆ ಉಯ್ಯಾಲೆ ಹಾಡು ಗುನುಗುತ್ತ ದಿಂಬಿನ ಚೀಲಗಳಿಗೆ ಇಸ್ತ್ರಿ ತಿಕ್ಕುತ್ತಿದ್ದರು. ಇಸ್ತ್ರಿ ಪೆಟ್ಟಿಗೆ ಅತ್ತ ಹೋಗುವಷ್ಟರಲ್ಲಿ ಮೇಲೆ ಎರಡು ಹೆಜ್ಜೆ, ಇತ್ತ ಬರುವಷ್ಟರಲ್ಲಿ ಮತ್ತೆರಡು. ಪಿಸುಮಾತು ಉಸಿರು ಬಿಗಿಹಿಡಿದು ಕೇಳಿದಳು. ಮೊಬೈಲಿನಲ್ಲಿ ಒಂದು ನಿಮಿಷ ಅಳೆದಳು. ಅಜ್ಜಿಯ ಹಾಡಿಗೆ ಚಪ್ಪಾಳೆ ತಟ್ಟಿದರೆ ಅರವತ್ತಾರು. ಮೇಲಿನ ಕುಣಿತಕ್ಕೆ ನೂರ ಮೂವತ್ತೆರಡು. ಒಂದರೊಳಗೆ ಇನ್ನೊಂದು ಸರಿಯಾಗಿ ಎರಡು ಸಲ ಕೂರುತ್ತಿತ್ತು.

ಅವಳು ಮೆಟ್ಟಿಲು ಹತ್ತಿ, ಅಜ್ಜಿಯ ಹಾಡು ಮುಗಿಯುವ ಮುಂಚೆಯೇ ಅದರ ತಾಳಕ್ಕೆ ಕುಣಿತ ಬೆಸೆದುಕೊಳ್ಳಲಿ ಎಂದಳು. ಬೆವರು ಒರೆಸುತ್ತಿದ್ದ ಡ್ಯಾನ್ಸ್ ಮಾಸ್ಟರ್ ಪೂರ್ತಿ ಕೇಳಿ ತಲೆಯಾಡಿಸಿದ. "ತಾಳ ಕೂರಬಹುದು. ಶ್ರುತಿ? ಅಜ್ಜಿದೊಂದು ಶ್ರುತಿ, ನಮ್ಮ ಟ್ರ್ಯಾಕ್‌ದೊಂದು. ಎರಡೂ ಒಟ್ಟಿಗೆ ಬಿದ್ರೆ ಬೀಗರು ಕಿವಿ ಮುಚ್ಕೊಂಡು ಸಂಬಂಧ ಮುರ್ಕೊಂಡು ಹೋಗ್ತಾರೆ."

ಅದು ನಿಜವಾಗಿತ್ತು. ಅವಳು ಸಂಜೆಯೇ ಸೌಂಡ್ ಸಿಸ್ಟಮ್ ಅಂಗಡಿಗೆ ಹೋದಳು. ಸುತ್ತಿದ ವಯರುಗಳ ನಡುವೆ ಕೂತಿದ್ದ ಸೌಂಡಿನವನು ಹುಡುಗರ ಟ್ರ್ಯಾಕ್ ಹಾಕಿ, ಕಣ್ಣು ಮುಚ್ಚಿ ಕೇಳಿದ.

"ನೋಡಮ್ಮ, ಶುರುವಲ್ಲಿ ಬರೀ ಡೋಲು. ರಾಗ ಇಲ್ಲ, ಅಂದ್ಮೇಲೆ ಶ್ರುತಿ ಜಗಳವೂ ಇಲ್ಲ. ಆ ತುಂಡನ್ನ ನಾನು ಎಷ್ಟು ಹೊತ್ತು ಬೇಕಾದ್ರೂ ಸುತ್ತಿಸ್ತೀನಿ. ಅಜ್ಜಿ ಕೊನೇ ಸುತ್ತು ಹಾಡುವಾಗ ಕೆಳಗಿಂದ ಮೆಲ್ಲಗೆ ಡೋಲು ಏಳಿಸ್ತೀನಿ. ಅವರು ನಿಲ್ಲಿಸಿದ್ಮೇಲೆ ನೀನು ಕೈಸನ್ನೆ ಮಾಡು, ರಾಗ ಬಿಡ್ತೀನಿ."

"ಅಷ್ಟೇನಾ?"

"ಅಷ್ಟೇ ಆಗಿದ್ರೆ ನನಗೆ ಯಾಕೆ ದುಡ್ಡು? ಜನರ ಮುಂದೆ ಹಾಡೋರು ಓಡ್ತಾರಮ್ಮ. ಮನೇಲಿ ಅರವತ್ತಾರು, ಅಲ್ಲಿ ಎಂಬತ್ತಾಗುತ್ತೆ. ಸ್ವಲ್ಪ ಆಚೀಚೆ ಆದ್ರೆ ಚಪ್ಪಾಳೆ ಕೇಳ್ತಾ ಈ ಗುಂಡಿ ತಟ್ಟಿ ಟ್ರ್ಯಾಕ್‌ನ ವೇಗ ಹೊಂದಿಸ್ತೀನಿ. ಜಾಸ್ತಿ ಓಡಿದ್ರೆ ಹುಡುಗರ ಕಾಲು ಮುರಿಯುತ್ತೆ. ತಾಳ ಹಿಡಿಯೋರನ್ನ ಹುಡುಕು."

ಚಪ್ಪಾಳೆಗೆ ಮಕ್ಕಳನ್ನು ಹಾಕೋಣ ಎಂದುಕೊಂಡಳು. ಅಜ್ಜಿಯ ಸುತ್ತ ಏಳು ಮಕ್ಕಳು, ನೋಡಲೂ ಚೆಂದ. ಎಂಟು ಗಂಟೆಗೆ ತೂಕಡಿಸದಂತೆ ಮಧ್ಯಾಹ್ನವೇ ಮಲಗಿಸಿದರಾಯಿತು. ಆದರೆ ಮೊದಲ ಅಭ್ಯಾಸದಲ್ಲೇ ಮಕ್ಕಳು ಅಜ್ಜಿಗಿಂತ ಮುಂಚೆ ಊರು ಸೇರಿಬಿಟ್ಟರು. ಅವರನ್ನು ಹಿಡಿಯಲು ಹೋಗಿ ಅಜ್ಜಿಯೂ ಓಡಿದರು. ಹಾಡು ಮುಗಿಯುವಾಗ ಎಲ್ಲರೂ ಏದುಸಿರು. "ಇದು ಉಯ್ಯಾಲೆ ಅಲ್ಲ, ಬಸ್ಸು ಹಿಡಿಯೋದು," ಎಂದರು ಅಜ್ಜಿ.

ಆ ದಿನ ಮದುಮಗನ ಮನೆಯವರೂ ಬಂದಿದ್ದರು. ಅವನ ತಾತ ನಲವತ್ತೈದು ವರ್ಷ ಟೈಲರ್ ಆಗಿದ್ದವರು. ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರೂ ಅವರ ಬಲಗಾಲು ಹೊಲಿಗೆ ಯಂತ್ರ ತುಳಿಯುವ ಹಾಗೆ ಹಾಡಿನ ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ಆಡುತ್ತಿದ್ದುದನ್ನು ಪಿಸುಮಾತು ನೋಡಿದಳು. ಮಕ್ಕಳು ಓಡಿದರೂ ಅದು ಓಡಿರಲಿಲ್ಲ.

"ಬೀಗರಿಗೆ ಕಾಲು ಕುಣಿಸಿ ಅಂತ ಹೇಳೋದಾ? ಮರ್ಯಾದೆ ಏನಾದ್ರೂ ಇದೆಯಾ?" ಎಂದು ಅತ್ತೆ ಹಲ್ಲು ಕಚ್ಚಿದರು.

ಅವಳು ಹೋಗಿ ಕೇಳಿಯೇಬಿಟ್ಟಳು, ಎರಡು ಸಲ. ಮೊದಲನೆಯದು ತಾತನಿಗೆ ಕೇಳಿಸಲಿಲ್ಲ.

"ನನಗೆ ಹಾಡೂ ಬರಲ್ಲ, ಕುಣಿತಾನೂ ಬರಲ್ಲ ಅಂತ ಮೂಲೆಗೆ ಕೂತಿದ್ದೆ," ಎಂದರು ಟೈಲರ್ ತಾತ. "ಕಾಲಿಗೆ ಕೆಲಸ ಕೊಡ್ತೀಯ ಅಂದ್ರೆ ಕೊಡಮ್ಮ. ಅದು ಇನ್ನೂ ನಿವೃತ್ತಿ ಆಗಿಲ್ಲ."

ಮಕ್ಕಳಿಗೆ ಒಂದೇ ಮಾತು ಹೇಳಿಕೊಟ್ಟರು: ಅಜ್ಜಿಯ ಮುಖ ನೋಡಬೇಡಿ, ತಾತನ ಪಾದ ನೋಡಿ. ಪಾದ ಕೆಳಗೆ ಬಂದಾಗ ಚಪ್ಪಾಳೆ. ಮೂರನೆಯ ಸಲಕ್ಕೆ ತಾಳ ಕೂತಿತು.

ಸಂಜೆ ಬಂತು. ಏಳಕ್ಕೆ ಶುರುವಾಗಬೇಕಿದ್ದದ್ದು ಏಳೂ ಇಪ್ಪತ್ತಾದರೂ ಶುರುವಾಗಲಿಲ್ಲ. ಬೀಗರ ಒಂದು ವ್ಯಾನು ದಾರಿ ತಪ್ಪಿತ್ತು. ಅತ್ತೆ ರೇಷ್ಮೆ ಸೀರೆ ಎತ್ತಿಕೊಂಡು ಸರಸರನೆ ವೇದಿಕೆಯ ಪಕ್ಕಕ್ಕೆ ಬಂದರು.

"ಪಿಸು, ಪಟ್ಟಿ ಬದಲಾಯಿಸು. ಅಮ್ಮನ್ನ ಈಗಲೇ ಹತ್ತಿಸಿಬಿಡೋಣ. ಬರೋರು ಬರ್ತಿರ್ತಾರೆ, ಹೊತ್ತೂ ಕಳೆಯುತ್ತೆ. ಇಲ್ಲದಿದ್ರೆ ಮಾತ್ರೆ ಹೊತ್ತಾಗುತ್ತೆ, ಅವರ ಹಾಡೇ ತಪ್ಪಿಹೋಗುತ್ತೆ."

ಅರ್ಧ ಕುರ್ಚಿಗಳು ಖಾಲಿ. ಅತ್ತೆಯ ಲೆಕ್ಕ ತಪ್ಪೇನಲ್ಲ. ಆದರೆ ಈಗ ಹತ್ತಿಸಿದರೆ ಅಜ್ಜಿ ಹತ್ತುವುದಿಲ್ಲ. ಹತ್ತಿದರೂ ಇನ್ನೆಂದೂ ಹಾಡುವುದಿಲ್ಲ. ಪಿಸುಮಾತು ಹಾಳೆ ನೋಡಿದಳು. ಇಪ್ಪತ್ತು ನಿಮಿಷ ಎಲ್ಲಿಂದಾದರೂ ಬರಬೇಕು. ಐದನೆಯದು ಮಾವನ ಹಾಸ್ಯದ ಹಾಡು, ಅದರ ಮುನ್ನ ಅವರ ಭಾಷಣ, ಒಟ್ಟು ಹನ್ನೆರಡು ನಿಮಿಷ. ಏಳನೆಯದು ಸೋದರಮಾವಂದಿರ ಕುಣಿತ, ಎಂಟು ನಿಮಿಷ. ಎರಡರಲ್ಲೂ ಅಕ್ಕ ಇಲ್ಲ. ಆದರೆ ಮೂರರಲ್ಲಿ ಕುಣಿದು ಆರಕ್ಕೆ ಬರುವ ಅವಳು ಬಟ್ಟೆ ಬದಲಿಸುವ ಹೊತ್ತು ಅಲ್ಲೇ ಇತ್ತು. ಅದಕ್ಕೆ ಆರನ್ನೂ ಎಂಟನ್ನೂ ಅದಲುಬದಲು ಮಾಡಿದರೆ ಸಾಕು.

"ಐದು, ಏಳು ಊಟ ಆದ್ಮೇಲೆ," ಎಂದಳು.

"ಏನಂದೆ?"

"ಐದು, ಏಳು ಊಟ ಆದ್ಮೇಲೆ ಅತ್ತೆ. ಅಜ್ಜಿಯದು ಒಂಬತ್ತೇ."

"ಐದು ನಿನ್ನ ಮಾವಂದು ಕಣೇ," ಎಂದರು ಅತ್ತೆ. "ನನ್ನ ಗಂಡನ್ನೇ ಎತ್ತಿ ಊಟದ ಆಚೆಗೆ ಹಾಕ್ತೀಯಾ?"

"ಊಟ ಆದ್ಮೇಲೆ ಜನ ನಗೋದು ಜಾಸ್ತಿ ಅತ್ತೆ."

ಅತ್ತೆ ಅವಳನ್ನು ಒಂದು ಗಳಿಗೆ ಹೊಸಬಳೆಂಬಂತೆ ನೋಡಿ, ಗಂಡನಿಗೆ ಸುದ್ದಿ ಮುಟ್ಟಿಸಲು ಹೋದರು.

ಎಂಟೂ ಐದಕ್ಕೆ ಒಂಬತ್ತನೆಯ ಸರದಿ ಬಂತು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಗೋಡೆಗೊರಗಿಯೂ ಜನ ನಿಂತಿದ್ದರು. ಅಜ್ಜಿ ನಡುವೆ, ಮಕ್ಕಳು ಅರ್ಧಚಂದ್ರದಂತೆ ಸುತ್ತ, ಪಕ್ಕದ ಕುರ್ಚಿಯಲ್ಲಿ ಟೈಲರ್ ತಾತ. ಹೊಳೆಯುವ ಬೂಟು ಹಾಕಿಸಿದ್ದರು, ಮಕ್ಕಳಿಗೆ ಕಾಣಲೆಂದು. ಪಾದ ಆಡಿತು. ಏಳು ಜೊತೆ ಪುಟ್ಟ ಕೈಗಳು ತಟ್ಟಿದವು. ಅಜ್ಜಿ ಎತ್ತಿಕೊಂಡರು.

ಮೊದಲ ಸುತ್ತು ಹಾಲಿನಲ್ಲಿ ಅದ್ದಿದ ಹಾಗೆ ಬಂತು. ಎರಡನೆಯ ಸುತ್ತಿನಲ್ಲಿ, ಮುಂದಿನ ಸಾಲಿನ ಯಾರೋ ಭಲೇ ಎಂದದ್ದೇ ತಡ, ಅಜ್ಜಿ ಓಡಿದರು. ಪಿಸುಮಾತು ಸೌಂಡಿನವನ ಕಡೆ ನೋಡಿದಳು. ಸೌಂಡಿನವನ ಬೆರಳು ಗುಂಡಿಯ ಮೇಲೆ ನಿಂತೇ ಇತ್ತು. ಆದರೆ ಏಳು ಜೊತೆ ಕಣ್ಣು ಬೂಟಿನಿಂದ ಕದಲಲಿಲ್ಲ. ಚಪ್ಪಾಳೆ ಇದ್ದಲ್ಲೇ ಇತ್ತು. ಅರ್ಧ ಸಾಲು ಮುಂದೆ ಹೋಗಿದ್ದ ಅಜ್ಜಿಗೆ ಹಿಂದೆ ಯಾರೂ ಬರುತ್ತಿಲ್ಲವೆಂದು ಗೊತ್ತಾಯಿತು. ಒಂದು ಪದವನ್ನು ಬೇಕೆಂದೇ ಮಾಡಿದವರ ಹಾಗೆ ಉದ್ದಕ್ಕೆ ಎಳೆದು, ತಿರುವಿ, ನೇರ ತಾಳದ ಮೇಲೆ ಬಂದು ಕೂತರು. ಸಭೆ ಹೋ ಎಂದಿತು. ಅದೊಂದು ಚಮತ್ಕಾರವೆಂದೇ ಎಲ್ಲರೂ ತಿಳಿದರು.

ಸೌಂಡಿನವನು ಚಪ್ಪಾಳೆಗೆ ನಾಲ್ಕು ಸಲ ಬೆರಳು ತಟ್ಟಿ ವೇಗ ಹೊಂದಿಸಿದ. ಕೊನೆಯ ಸುತ್ತಿಗೆ ಡೋಲು ನೆಲದೊಳಗಿಂದ ಎದ್ದ ಹಾಗೆ ಎದ್ದಿತು. ಹಿಂಬಾಗಿಲಿಂದ ಹುಡುಗರು ಎರಡು ಸಾಲಾಗಿ, ಅಜ್ಜಿಯ ಒಂದು ಚಪ್ಪಾಳೆಗೆ ಎರಡು ಹೆಜ್ಜೆ ಇಡುತ್ತ ಬಂದರು. ಗೋಡೆಗೊರಗಿದ್ದವರು ಕೈ ತಟ್ಟತೊಡಗಿದರು.

ಅಜ್ಜಿ ಹಾಡು ಮುಗಿಸಬೇಕಿತ್ತು. ಮುಗಿಸಲಿಲ್ಲ. ಡೋಲು ಕೇಳಿದ್ದೇ ಅವರ ಬೆನ್ನು ನೆಟ್ಟಗಾಯಿತು; ಪಲ್ಲವಿಯನ್ನು ಮತ್ತೆ ಎತ್ತಿಕೊಂಡರು, ಈ ಸಲ ಮೇಲಿನ ಸ್ವರದಿಂದ. ವೇದಿಕೆಯ ಮೆಟ್ಟಿಲಿಗೆ ಬಂದಿದ್ದ ಡ್ಯಾನ್ಸ್ ಮಾಸ್ಟರ್ ಸೌಂಡಿನವನಿಗೆ ಸನ್ನೆ ಮಾಡಿದ: ರಾಗ ಬಿಡು. ಸೌಂಡಿನವನು ಪಿಸುಮಾತಿನ ಕಡೆ ನೋಡಿದ. ಅವಳು ಅಂಗೈ ಅಡ್ಡ ಹಿಡಿದಳು. ಇನ್ನೊಂದು ಸುತ್ತು ಡೋಲು. ಹುಡುಗರು ಇದ್ದಲ್ಲೇ ಹೆಜ್ಜೆ ಹಾಕುತ್ತ ಕಾದರು. ಅಜ್ಜಿ ಇನ್ನೊಂದು ಸಲ ಎತ್ತಿಕೊಂಡರು.

"ಪಿಸು, ಸಾಕು, ಬಿಡು ಅನ್ನು," ಎಂದ ಡ್ಯಾನ್ಸ್ ಮಾಸ್ಟರ್ ಮೆಟ್ಟಿಲಿನಿಂದ.

"ಕಾಯಿರಿ," ಎಂದಳು ಅವಳು. ಡೋಲಿನ ಮೇಲೂ ಅದು ಅವನಿಗೆ ಕೇಳಿಸಿತು. ಹಿಂದಿದ್ದ ಹನ್ನೆರಡು ಹುಡುಗರಿಗೂ ಕೇಳಿಸಿತು.

ಮೂರನೆಯ ಸಲದ ಕೊನೆಯ ಅಕ್ಷರವನ್ನು ಅಜ್ಜಿ ಉಸಿರಿರುವಷ್ಟೂ ಹಿಡಿದು, ತಾಳಕ್ಕೆ ಸರಿಯಾಗಿ ಬಿಟ್ಟು, ಹುಡುಗರ ಕಡೆ ಕೈ ಬೀಸಿದರು. ಬನ್ನಿ, ನಿಮ್ಮದು. ಪಿಸುಮಾತು ಕೈ ಇಳಿಸಿದಳು. ರಾಗ ಬಿತ್ತು, ಹನ್ನೆರಡು ಜನ ಒಟ್ಟಿಗೆ ವೇದಿಕೆಗೆ ಜಿಗಿದರು, ಮಕ್ಕಳು ಬೂಟು ಮರೆತು ಅವರ ಕಾಲ ಸಂದಿಯಲ್ಲಿ ಕುಣಿದರು. ಯಾರೂ ಕೆಳಗಿಳಿಯಲಿಲ್ಲ. ಟೈಲರ್ ತಾತನ ಎರಡನೆಯ ಕಾಲೂ ಕೆಲಸಕ್ಕೆ ಇಳಿದಿತ್ತು. ಅಜ್ಜಿಯನ್ನು ಕುರ್ಚಿಗೆ ಕರೆದೊಯ್ಯಲು ಬಂದ ಅತ್ತೆಯ ಕೈಯನ್ನು ಅಜ್ಜಿಯೇ ಹಿಡಿದು ನಡುವೆ ಎಳೆದುಕೊಂಡರು.

ಹತ್ತು ನಿಮಿಷದ ಕುಣಿತ ಮುಗಿದಾಗ ಸಭೆ ಎದ್ದು ನಿಂತಿತ್ತು. ಡ್ಯಾನ್ಸ್ ಮಾಸ್ಟರ್ ಏದುಸಿರು ಬಿಡುತ್ತ ಪಕ್ಕಕ್ಕೆ ಬಂದು ಅವಳ ಕೈಯಲ್ಲಿದ್ದ ಹಾಳೆಗೆ ಇಣುಕಿದ.

"ಮುಂದೆ ಯಾರು?"

"ನಿಮ್ಮಮ್ಮ, ನಮ್ಮಮ್ಮ. ಹನ್ನೊಂದನೆಯದು."

"ಪಾಪ," ಎಂದ ಅವನು. "ಇದರ ಮೇಲೆ ಯಾರು ಬಂದ್ರೂ ಸಪ್ಪೆ ಆಗ್ತಾರೆ."

"ಆಗಲ್ಲ," ಎಂದಳು ಅವಳು. "ಅದಕ್ಕೇ ಅವರದು ನಿಧಾನದ ಹಾಡು ಇಟ್ಟಿರೋದು. ಈಗ ಜನ ಕೂತ್ಕೊಂಡು ಉಸಿರು ತಗೋಬೇಕು." ಆಮೇಲೆ ಸೌಂಡಿನವನ ಕಡೆ ತಿರುಗಿ ಹನ್ನೊಂದರ ಹಾಗೆ ಎರಡು ಬೆರಳೆತ್ತಿ, ಸಭೆಯ ಆಚೆ ತುದಿಗೂ ಮುಟ್ಟುವ ಹಾಗೆ ಕೂಗಿದಳು, "ಹನ್ನೊಂದು ಹಾಕಿ."