ಕಿವಿಗೆ ಉಡಿಸದ ಸೀರೆ

ಮುಂಡರಗಿಯಿಂದ ಬಂದ ಅನ್ನಪೂರ್ಣವ್ವ ಚಪ್ಪಲಿ ಬಿಡುವ ಮೊದಲೇ ಸೀರೆಯನ್ನು ನಮ್ಮ ಮಗ್ಗದ ಮೇಲೆ ಎಸೆದರು.

“ಕಲ್ಲಣ್ಣಾ, ನಿನ್ನ ಬಣ್ಣ ನಮ್ಮ ಹುಡುಗಿ ಮೈ ಸುಟ್ಟೈತಿ ನೋಡು! ಮದುವಿ ಸೀರಿ ನಿನ್ನ ಕಡೆ ಬ್ಯಾಡ. ಊರೆಲ್ಲಾ ಹೇಳ್ತೀನಿ.”

ಹುಡುಗಿ ಅಂದರೆ ಅಂಕಿತಾ, ಅವರ ಸೊಸೆಯಾಗುವವಳು. ಮೊನ್ನೆ ನಿಶ್ಚಯದಲ್ಲಿ ಅಪ್ಪ ನೇಯ್ದ ದಾಳಿಂಬೆ ಬಣ್ಣದ ಸೀರೆ ಉಟ್ಟಿದ್ದಳು. ಈಗ ಚೂಡಿದಾರದ ವೇಲಿನ ಮರೆಯಲ್ಲಿ ಸೊಂಟ ಕೆರೆದುಕೊಳ್ಳುತ್ತಿದ್ದಳು.

ಅಪ್ಪನ ಮುಖ ಇಳಿಯಿತು. ನೂಲಿಗೆ ಬಣ್ಣ ಹಾಕುವವನೂ ಅವನೇ. ನಮ್ಮ ಬೆಟಗೇರಿಯಲ್ಲಿ ಅವನಿಗಿರುವುದು ಒಳ್ಳೆ ಬಣ್ಣಗಾರನೆಂಬ ಹೆಸರೊಂದೇ.

“ಒಮ್ಮೆ ನೀರಿಗೆ ಹಾಕಿ ಉಡಿಸಬೇಕಿತ್ತಲ್ರಿ? ಗಂಜಿ, ಉಳಿದ ಬಣ್ಣ ಹೋಗತಿತ್ತು.”

“ನಿಶ್ಚಯದ ಸೀರಿ ಯಾರರ ತೊಳದು ಉಡಸ್ತಾರೇನೋ? ದೇವರ ಮುಂದಿಟ್ಟು ಹಂಗ ಉಡಸೂದು!”

ಅಪ್ಪ ಸೆರಗನ್ನು ಬೆಳಕಿಗೆ ಹಿಡಿದು ನೋಡಿದ. ಬಣ್ಣ ಒಗ್ಗದ ಮೈಗಳೂ ಇರುತ್ತವೆಂದು ಅವನಿಗೆ ಗೊತ್ತು.

ಅವ್ವ ಅಂಕಿತಾಳನ್ನು ಒಳಗೆ ಕರೆದು ಕೊಬ್ಬರಿ ಎಣ್ಣೆ ಹಚ್ಚಲು ಕೂತಳು. ನಾನು ಬಟ್ಟಲು ಹಿಡಿದು ನಿಂತೆ. ಜನರ ಮುಖ ನೋಡಲು ನಾಚಿಕೆ ನನಗೆ. ಹಾಗಾಗಿ ಗುಳ್ಳೆಗಳನ್ನೇ ನೋಡಿದೆ. ಎಡಸೊಂಟದ ಬರಿಮೈ ಮೇಲೆ ಬೆರಳಗಲದ ಕೆಂಪು ಪಟ್ಟಿ. ಕತ್ತಿನ ಹಿಂದೆ ಸರದ ಕೊಂಡಿಯಷ್ಟೇ ಒಂದು ಗುರುತು. ಎರಡೂ ಕಿವಿಹಾಲೆ ಊದಿ ನೀರೊಸರುತ್ತಿದ್ದವು. ಆದರೆ ನೆರಿಗೆ ಸಿಗಿಸುವಲ್ಲಿ? ಏನೂ ಇಲ್ಲ. ಅದೇ ಸೀರೆಯ ಕುಪ್ಪಸ ಬೆವರಿಗೆ ಒತ್ತಿದ ಕಂಕುಳಲ್ಲಿ? ಅಲ್ಲೂ ಇಲ್ಲ.

“ಜೀನ್ಸ್ ಹಾಕಿದ್ರ ಹೊಕ್ಕಳ ಕೆಳಗ ತುರಸತೈತೇನು?” ಎಂದು ಪಿಸುಗುಟ್ಟಿದೆ.

“ಹೂಂ ಅಕ್ಕಾ! ಗುಂಡಿ ಇರೋ ಜಾಗಾ. ನಿಮಗ ಹೆಂಗ ಗೊತ್ತಾತು?”

ಹೊರಗೆ ಅನ್ನಪೂರ್ಣವ್ವ ಇನ್ನೂ ಗುಡುಗುತ್ತಿದ್ದರು. ಬಾಗಿಲಿಗೆ ಬಂದವಳೇ ನೆಲ ನೋಡುತ್ತ ಅಂದುಬಿಟ್ಟೆ:

“ಚಿಗವ್ವಾ, ಕಿವಿಗೆ ಯಾರೂ ಸೀರಿ ಉಡಸಲ್ರಿ.”

ಅನ್ನಪೂರ್ಣವ್ವ ಬಾಗಿಲ ಕಡೆ ನೋಡಿದರು.

“ಸೀರಿ ತಿಕ್ಕೋ ಕಡೆ ಏನೂ ಆಗಿಲ್ರಿ. ಸೊಂಟದ ಡಾಬು, ಸರದ ಕೊಂಡಿ, ಝುಮಕಿ ತಾಗಿದಲ್ಲೇ ಆಗೇತಿ. ಬಂಗಾರದ ನೀರು ಕುಡಿಸಿದ ಒಡವಿ ಒಳಗ, ಜೀನ್ಸ್ ಗುಂಡಿ ಒಳಗ ನಿಕ್ಕಲ್ ಅನ್ನೋ ಲೋಹ ಇದ್ರ ಹಿಂಗ ಆಗತೈತ್ರಿ. ಖರೆ ತಿಳಿಬೇಕಂದ್ರ ಚರ್ಮದ ಡಾಕ್ಟರ್ ಕಡೆ ತೋರಸ್ರಿ.”

“ಆ ಒಡವಿ ಸೆಟ್ ಯಾರು ತಂದಿದ್ರು?” ಅವ್ವ ಒಳಗಿನಿಂದ ಕೇಳಿದಳು, ಬೇಕಂತಲೇ.

“ಅತ್ತಿಯವರ,” ಅಂಕಿತಾ ಮೆಲ್ಲಗೆ ಅಂದಳು.

ಅನ್ನಪೂರ್ಣವ್ವ ಕೆಮ್ಮಿದರು. “ಅಂಗಡಿಯಾಂವ ಬಂಗಾರದ ಹಂಗ ಅಂದಿದ್ದಲ್ಲಾ...”

ಸೀರೆಯನ್ನು ತಾವೇ ಮಡಚಿ ಚೀಲಕ್ಕಿಟ್ಟುಕೊಂಡು ಹೋದರು.

ಮರುವಾರ ಮತ್ತೆ ಬಂದರು. ಡಾಕ್ಟರು ಅಂಕಿತಾಳ ಬೆನ್ನಿಗೆ ಚಿಕ್ಕ ಚಿಕ್ಕ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದ್ದರಂತೆ. ನಿಕ್ಕಲ್ ಹಚ್ಚಿದ ಜಾಗ ಕೆಂಪಾಗಿ ಎದ್ದಿತ್ತು, ಬಣ್ಣ ಹಚ್ಚಿದ ಜಾಗಕ್ಕೆ ಏನೂ ಆಗಿರಲಿಲ್ಲ.

“ಮದುವಿ ಸೀರಿ ನೇಯೋ ಕಲ್ಲಣ್ಣಾ. ತೊಳದ ಉಡಸ್ತೀನಿ, ಆತಿಲ್ಲೋ?” ಅಂದವರು ನನ್ನ ಕಡೆ ತಿರುಗಿದರು. “ರಂಜನಾ, ರೇಷ್ಮಿದು ಒಂದು ಡಾಬು ನೇಯಾಕ ಬರತೈತೇನ? ಕೊಕ್ಕಿ ಗಿಕ್ಕಿ ಏನೂ ಬ್ಯಾಡ. ಲಾಡಿ ಇಡು.”

ನೆಲ ನೋಡುತ್ತಲೇ ನಕ್ಕೆ. “ಬರತೈತ್ರಿ.”