ಬಚ್ಚಲಿಗೆ ಸುರಿದ ಗುಳಿಗೆ

“ಲೋ ಅರ್ಧ ಡಾಕ್ಟ್ರೇ, ನಿಮ್ಮವ್ವ ಎದ್ದು ಓಡಾಡ್ತಿರೋದು ನನ್ ಗುಳಿಗೆಯಿಂದ ಕಣ್ಲಾ, ನಿನ್ ಪುಸ್ತಕದಿಂದಲ್ಲ. ಮೊದ್ಲು ಪಾಸಾಗು ಓಗು.”

ಉಮ್ಮತ್ತೂರಿನ ತನ್ನ ಅಂಗಡಿಯ ಮುಂದೆ ಬಸವಣ್ಣ ಹೀಗಂದಾಗ ಬೆಂಚಿನ ಮೇಲಿದ್ದ ರೋಗಿಗಳೆಲ್ಲ ನಕ್ಕರು. ಸೊಂಟ ಹಿಡಿದುಕೊಂಡು ಬಂದಿದ್ದ ಮುದುಕನೂ ನೋವು ಮರೆತು ನಕ್ಕ. ಚಾಮರಾಜನಗರದಲ್ಲಿ ಎಂಬಿಬಿಎಸ್ ಎರಡನೇ ವರ್ಷ ಓದುತ್ತಿದ್ದ ಮಹಾಲಿಂಗನ ಕಿವಿ ಕಾದ ಹೆಂಚಾಯಿತು.

ಅವನು ಜಗಳಕ್ಕೆ ಹೋದದ್ದು ಸುಮ್ಮನಲ್ಲ. ಬಸವಣ್ಣ ಯಾವುದೋ ಕ್ಲಿನಿಕ್ಕಿನಲ್ಲಿ ಕಸ ಹೊಡೆಯುತ್ತಿದ್ದವನು, ಈಗ ಊರಿಗೆಲ್ಲ ಡಾಕ್ಟರು. ಮಹಾಲಿಂಗನ ಅವ್ವ ಸಣ್ಣತಾಯಮ್ಮ ಮಂಡಿನೋವಿಗೆಂದು ಅವನು ಕೊಟ್ಟ ಹೆಸರಿಲ್ಲದ ಬಿಳಿ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದ್ದಳು. ಮುಖ ದುಂಡಗೆ ಊದಿತ್ತು, ಕತ್ತಿನ ಹಿಂದೆ ಕೊಬ್ಬು ಗುಡ್ಡೆ ಕಟ್ಟಿತ್ತು, ಕೈಕಾಲು ಮಾತ್ರ ಕಡ್ಡಿ. ‘ಮಗ ಡಾಕ್ಟ್ರಾಯ್ತಾನಲ್ಲ, ಅದ್ಕೇ ಮೈ ತುಂಬ್ಕಂಡವ್ಳೆ’ ಎಂದು ಊರವರು ಹೊಗಳುತ್ತಿದ್ದರು. ಇದು ಸ್ಟೀರಾಯ್ಡಿನ ಕೆಲಸವೆಂದು ಈ ಸಲ ಊರಿಗೆ ಬಂದ ಮಗನಿಗೆ ನೋಡಿದೊಡನೆ ಗೊತ್ತಾಯಿತು.

ಅದೇ ಸಿಟ್ಟಿನಲ್ಲಿ ಮನೆಗೆ ಬಂದವನು ಇದ್ದಬದ್ದ ಪೊಟ್ಟಣವನ್ನೆಲ್ಲ ಬಿಚ್ಚಿ ಬಚ್ಚಲಿಗೆ ಸುರಿದ. “ಇನ್ನೊಂದು ಗುಳಿಗೆ ಬಾಯಿಗಾಕಿದ್ರೆ ನನ್ನಾಣೆ ಕಣವ್ವ.”

“ಆಯ್ತು ಬುಡು ಮಗ, ನೀನೇಳ್ದಂಗೆ,” ಎಂದಳು ಅವ್ವ.

ಅವಳು ಗುಂಡ್ಲುಪೇಟೆಯ ಮಗಳು ನೀಲಾವತಿಯ ಮನೆಗೆ ಹೋದಳು. ಅವನು ಹಾಸ್ಟೆಲಿಗೆ ಮರಳಿದ.

ವಾರ ಕಳೆದು, ನಾಳೆ ಔಷಧಶಾಸ್ತ್ರದ ಪತ್ರಿಕೆ ಎನ್ನುವ ರಾತ್ರಿ, ಊಟ ಮುಗಿಸಿ ಮಹಾಲಿಂಗನೂ ಅವನ ಸಹಪಾಠಿ ಹರವೆಯ ಚಂದ್ರಕುಮಾರನೂ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತರು. ಹಾರ್ಮೋನಿನ ಅಧ್ಯಾಯ ಬಾಕಿಯಿತ್ತು. ಒಬ್ಬ ಕೇಳುವುದು, ಇನ್ನೊಬ್ಬ ಹೇಳುವುದು.

“ಬಸುರಿ, ಮೊದಲ ಮೂರು ತಿಂಗಳು, ಥೈರಾಯ್ಡ್ ಜಾಸ್ತಿ. ಯಾವ ಮಾತ್ರೆ?” ಚಂದ್ರಕುಮಾರ ಕೇಳಿದ.

“ಪ್ರೊಪೈಲ್‌ಥಯೋಯುರಾಸಿಲ್. ಈಗ ನಂದು. ಥೈರಾಯ್ಡಿಗೆ ಕಾರ್ಬಿಮಜೋಲ್ ತಿನ್ನೋನಿಗೆ ಜ್ವರ, ಗಂಟಲುನೋವು. ಏನ್ಮಾಡ್ತೀಯ?”

“ಉಪ್ಪುನೀರು ಮುಕ್ಕಳಿಸು ಅಂತೀನಿ.”

“ಆಮೇಲೆ ಅವ್ನ ತಿಥಿ ವಡೆ ತಿಂತೀಯ. ಬಿಳಿ ರಕ್ತಕಣ ಬಿದ್ದೋಗಿರ್ತವೆ ಕಣ್ಲಾ. ಮಾತ್ರೆ ನಿಲ್ಸಿ ರಕ್ತ ಪರೀಕ್ಷೆ ಮಾಡ್ಬೇಕು.”

“ಥೂ, ಅದು ಗೊತ್ತಿತ್ತು. ಸರಿ, ಸ್ಟೀರಾಯ್ಡ್. ವರ್ಷಗಟ್ಲೆ ತಿಂದೋನು ಒಂದೇ ಸಲಕ್ಕೆ ಬುಟ್ಬುಟ್ಟ. ಏನಾಯ್ತದೆ?”

“ಬುಟ್ರೆ ಒಳ್ಳೇದಲ್ವಾ?”

ಚಂದ್ರಕುಮಾರ ತೊಡೆ ತಟ್ಟಿಕೊಂಡು ನಕ್ಕ. “ಅಲ್ಲೇ ಎಲ್ರೂ ಬೀಳೋದು. ಹೊರಗಿಂದ ಪುಕ್ಸಟ್ಟೆ ಬತ್ತಿದ್ರೆ ಒಳಗಿನ ಅಡ್ರಿನಲ್ ಗ್ರಂಥಿ ಗೇಯೋದು ಬುಟ್ಟು ಸೊರಗಿ ಕೂತಿರ್ತದೆ. ಗೇಯಿ ಅಂತ ಮಿದುಳಿಂದ ಅಪ್ಪಣೆನೂ ಬರಲ್ಲ. ಅದ್ಕೇ ಚೂರುಚೂರೇ ಇಳಿಸ್ಕೊಂಡು ಬರ್ಬೇಕು. ಇಲ್ದಿದ್ರೆ ಲಕ್ಷಣ ಹೇಳು.”

ಮಹಾಲಿಂಗ ಜೇಬಿನಿಂದ ಫೋನು ತೆಗೆದ. ಚಂದ್ರಕುಮಾರನೇ ಮುಂದುವರಿಸಿದ.

“ಸುಸ್ತು, ವಾಂತಿ, ಹೊಟ್ಟೆನೋವು. ಬಿಪಿ ಬೀಳ್ತದೆ, ಸಕ್ಕರೆ ಬೀಳ್ತದೆ. ಅದ್ರ ಮೇಲೊಂದು ಜ್ವರ ಬಂದ್ರಂತೂ ಮುಗೀತು. ಯಾಕ್ಲಾ, ಬೆವತೋಗಿದ್ದೀಯ?”

ಬೆಳಿಗ್ಗೆ ನೀಲಾವತಿ ಫೋನು ಮಾಡಿದ್ದಳು. ಅವ್ವನಿಗೆ ಮೈ ಬೆಚ್ಚಗಿದೆ, ನಿನ್ನೆಯಿಂದ ವಾಂತಿ ಎಂದಿದ್ದಳು. ಪುಸ್ತಕದಿಂದ ಕಣ್ಣೆತ್ತದೆ ಇವನು, “ಗ್ಯಾಸ್ಟ್ರಿಕ್ಕು ಕಣಕ್ಕ, ಜೀರಿಗೆ ನೀರು ಕೊಡು” ಅಂದಿದ್ದ.

ಈಗ ಅವನೇ ಫೋನು ಹಚ್ಚಿದ. “ಅಕ್ಕಾ, ಅವ್ವನ್ನ ಎಬ್ಬಿಸು.”

“ಈಗ ನಿದ್ದೆ ಬಂದದೆ, ಮನೀಕಳ್ಳಿ ಬುಡೋ.”

“ಎಬ್ಬಿಸಕ್ಕ.”

ಅತ್ತ ಕಡೆ ಅವ್ವಾ, ಅವ್ವಾ ಎಂದು ಕೂಗುವುದು ಕೇಳಿಸಿತು. ಆ ಕೂಗು ಏರುತ್ತಾ ಹೋಯಿತು, ಅವ್ವನ ದನಿ ಮಾತ್ರ ಬರಲಿಲ್ಲ.

“ಭಾವನ್ನ ಕರ್ಕೊಂಡು ಆಸ್ಪತ್ರೆಗೆ ಓಡಕ್ಕ. ಸ್ಟೀರಾಯ್ಡ್ ಗುಳಿಗೆ ನಿಲ್ಸವ್ಳೆ, ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಬೇಕು ಅಂತ ಹೇಳು. ಹೈ-ಡ್ರೊ-ಕಾರ್ಟಿ-ಸೋನ್.”

ಚಂದ್ರಕುಮಾರ ಓಡಿಹೋಗಿ ಬೈಕಿನ ಕೀಲಿ ತಂದ. ಇಬ್ಬರೂ ಗುಂಡ್ಲುಪೇಟೆಯ ದಾರಿ ಹಿಡಿದು ತೆರಕಣಾಂಬಿ ದಾಟಿದರು. ಹಿಂದೆ ಕೂತ ಮಹಾಲಿಂಗ ತುಟಿಯಲ್ಲೇ ಉತ್ತರ ಒಪ್ಪಿಸುತ್ತಿದ್ದ: ನೂರು ಮಿಲಿಗ್ರಾಂ ನರಕ್ಕೆ, ಸಲೈನು, ಗ್ಲೂಕೋಸು. ಈಗ ಒಂದಕ್ಷರವೂ ತಪ್ಪುತ್ತಿರಲಿಲ್ಲ.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಅವ್ವನ ಕೈಗೆ ಸಲೈನು ಚುಚ್ಚಿದ್ದರು, ಇಂಜೆಕ್ಷನ್ನೂ ಕೊಟ್ಟಿದ್ದರು. ಹೊದಿಕೆಯನ್ನು ಮುಖದ ಮೇಲಕ್ಕೆ ಎಳೆದಾಗಿತ್ತು. ಹೊದಿಕೆಯಾಚೆ ಚಾಚಿದ್ದ ಪಾದ ಮುಟ್ಟಿದ. ತಣ್ಣಗಿತ್ತು.

ಡ್ಯೂಟಿ ಡಾಕ್ಟರು ದನಿ ತಗ್ಗಿಸಿ ಹೇಳಿದರು, “ತರುವಾಗಲೇ ಬಿಪಿ ಸಿಗ್ತಿರಲಿಲ್ಲ. ಅಷ್ಟು ವರ್ಷದ ಗುಳಿಗೆ ಒಮ್ಮೆಗೇ ಬಿಡೋಕೆ ಹೇಳಿದ್ದು ಯಾರಮ್ಮ?”

ನೀಲಾವತಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಆ ಅಳುವಿನಲ್ಲೂ ಅವಳ ದನಿಗೊಂದು ಹೆಮ್ಮೆ ಬಂತು.

“ನಮ್ ಮಹಾಲಿಂಗನೇ ಸಾ. ಡಾಕ್ಟ್ರು ಓದ್ತಾವ್ನೆ. ಆ ಗುಳಿಗೆ ಇಸ ಅಂತ ಮೊದ್ಲು ಕಂಡ್ಕಂಡೋನೇ ಅವ್ನು. ಇನ್ನೊಸಿ ಮುಂಚೆ ಬುಡ್ಸಿದ್ರೆ ಅವ್ವ ಉಳ್ಕತಿತ್ತು, ಅಲ್ವೇನಪ್ಪ?” ಎಂದು ತಮ್ಮನ ಕಡೆ ತಿರುಗಿದಳು.

ಡಾಕ್ಟರು ಮಹಾಲಿಂಗನ ಮುಖ ನೋಡಿದರು. ಬಾಗಿಲಲ್ಲಿದ್ದ ಚಂದ್ರಕುಮಾರ ನೆಲ ನೋಡಿದ.

“ಹೇಳ್ಲಾ ಮಗ,” ಎಂದಳು ನೀಲಾವತಿ.

ಮಹಾಲಿಂಗ ಅವ್ವನ ಪಾದವನ್ನು ಹೊದಿಕೆಯೊಳಗೆ ಸೇರಿಸಿ, ಅಕ್ಕನನ್ನು ದಾಟಿ, ಆಸ್ಪತ್ರೆಯ ಗೇಟಿನಾಚೆ ನಡೆದುಹೋದ.