ಬಣವಿಗೊಂದು ಸೊಳ್ಳೆಪರದೆ

ನಮ್ಮವ್ವ ಹೊಳಿಯವ್ವನಿಗೆ ಪ್ರೀತಿ ಇರುವುದು ಎರಡರ ಮೇಲೆ. ಒಂದು ನಾನು, ಇನ್ನೊಂದು ಹಿತ್ತಲಲ್ಲಿರುವ ಹತ್ತಿಕಟ್ಟಿಗೆಯ ಬಣವೆ. ಎರಡರಲ್ಲಿ ಯಾವುದು ಹೆಚ್ಚು ಎಂದು ನಾನು ಯಾವತ್ತೂ ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ. ಮನೆಯಲ್ಲಿ ಗ್ಯಾಸ್ ಇದೆ, ಮೇಲೆ ಸೋಲಾರ್ ಇದೆ. ಆದರೂ ಹತ್ತಿಕಟ್ಟಿಗೆಯ ಉರಿಯಲ್ಲಿ ಕಾಯದ ನೀರು ಮೈಗೆ ಹತ್ತುವುದಿಲ್ಲ ಎಂದು ಅವ್ವನ ವಾದ. ಪ್ರತಿವರ್ಷ ಹತ್ತಿ ಬಿಡಿಸಿ ಮುಗಿದ ಮೇಲೆ ಗಿಡಗಳನ್ನು ಕಿತ್ತು, ಒಣಕಾಯಿ ಸಮೇತ ಬಚ್ಚಲಿನ ಪಕ್ಕ ಒಟ್ಟಿಸುತ್ತಾಳೆ. ಗುತ್ತಲದ ಸುತ್ತಮುತ್ತ ಅಂಥ ಬಣವೆ ಇನ್ನೊಂದಿಲ್ಲ ಎನ್ನುವುದು ಅವಳ ಹೆಮ್ಮೆ.

ನನ್ನ ಹೆಂಡತಿ ಪುಷ್ಪಾವತಿ ಗುತ್ತಲದ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಕ ಕೃಷಿ ಅಧಿಕಾರಿ. ಆ ವರ್ಷ ಅವಳಿಗೆ ಇದ್ದ ಚಿಂತೆ ಒಂದೇ: ಮಳೆ ಬೀಳುವುದರೊಳಗೆ ನಮ್ಮೂರಿನ ಬಣವೆಗಳನ್ನೆಲ್ಲ ಖಾಲಿ ಮಾಡಿಸಬೇಕು. ಹಿಂದಿನ ಹಂಗಾಮಿನಲ್ಲಿ ಗುಲಾಬಿ ಕಾಯಿಕೊರಕ ಹುಳ ಅರ್ಧ ಊರಿನ ಹತ್ತಿ ತಿಂದಿತ್ತು. ಇನ್ನೊಂದು ಸಲ ಹಾಗಾದರೆ ಜನ ಹತ್ತಿಯನ್ನೂ ಬಿಡುತ್ತಾರೆ, ತನ್ನ ಮಾತು ಕೇಳುವುದನ್ನೂ ಬಿಡುತ್ತಾರೆ ಎಂದು ಅವಳಿಗೆ ಹೆದರಿಕೆ.

ಜನವರಿಯಲ್ಲಿ ಹನಮಪ್ಪನ ಗುಡಿಯ ಕಟ್ಟೆಯ ಮೇಲೆ ರೈತರನ್ನು ಕೂಡಿಸಿ ಹೇಳಿದಳು. "ಹುಳ ಸತ್ತಿಲ್ರಿ, ಮಲಗ್ಯಾವ. ದಿನ ಸಣ್ಣದಾಗಿ ಚಳಿ ಬಿದ್ದ ಕೂಡಲೇ ಬೆಳೆದ ಹುಳದೊಳಗ ಒಂದಿಷ್ಟು ಕೋಶ ಆಗೂದು ಬಿಟ್ಟು, ಒಣಕಾಯಿಯೊಳಗ ಎರಡು ಬೀಜ ಕೂಡಿಸಿ ಹೊಲಕೊಂಡು ಮಲಗತಾವ. ದಿನ ದೊಡ್ಡದಾಗಿ, ಬೆಚ್ಚಗಾಗಿ, ಮ್ಯಾಲೆ ಹಸಿ ಸಿಕ್ಕಾಗ ಏಳತಾವ. ಮಳಿಗೆ ಎದ್ದು ಚಿಟ್ಟಿ ಆಗಿ ಬರೂದಕ್ಕೂ, ನಿಮ್ಮ ಹತ್ತಿ ಮೊಗ್ಗು ಬಿಡೂದಕ್ಕೂ ಸರಿ ಹೋಗತೈತಿ."

ಹಿಂದೆ ಕೂತಿದ್ದ ಮೈಲಾರೆಪ್ಪ ಎದ್ದು ನಿಂತ. ಯಾವ ಸಭೆಯಾದರೂ ಅವನು ಎದ್ದು ನಿಲ್ಲುತ್ತಾನೆ. "ಮಲಗಿದವ್ರನ್ನ ಎಬ್ಬಿಸಬಾರದು ಅಂತಾರ್ರಿ ಮೇಡಮ್ಮಾರ. ಅದೂ ಇರ್ಲಿ, ಊರಾಗ ದೊಡ್ಡ ಬಣವಿ ಯಾರ ಮನಿಯಾಗ ಐತಿ? ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ!"

ಊರಿಗೆ ಊರೇ ನಕ್ಕಿತು. ಪುಷ್ಪಾ ನನ್ನ ಕಡೆ ನೋಡಿದಳು. ನಾನು ಗುಡಿಯ ಗಂಟೆಯ ಕಡೆ ನೋಡಿದೆ.

ಸಂಜೆ ಮನೆಯಲ್ಲಿ ಯುದ್ಧ. "ಅತ್ತೀ, ನೀವು ಮೊದಲು ಸುಟ್ರ ಊರು ಸುಡತೈತ್ರಿ" ಎಂದು ಇವಳು. "ಉರಿ ಮ್ಯಾಲೆ ಹಂಡೇವು ಇಲ್ಲದ ಕಟಗಿ ಸುಡಾಕ ಇದೇನು ಸುಡಗಾಡೇನು? ನಮ್ಮ ಬಣವ್ಯಾಗ ಒಂದು ಹುಳ ಇಲ್ಲ" ಎಂದು ಅವಳು. ನಾನು ಬ್ಯಾಡಗಿ ಮಾರ್ಕೆಟ್ಟಿನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೆಲಸ ಮಾಡುವವ. ಎರಡು ಕಡೆಯವರನ್ನೂ ಒಂದು ಮಾತಿಗೆ ತರುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದು ನನಗೆ ಜಂಬ. ಮಧ್ಯೆ ಬಾಯಿ ಹಾಕಿದೆ. "ಬಣವಿಗೆ ಬಚ್ಚಲ ಕಡೀ ತುದಿಗೆ ಸೊಳ್ಳಿಪರದಿ ಕಟ್ಟೂಣು. ಯುಗಾದಿಯೊಳಗ ಚಿಟ್ಟಿ ಬಂದ್ರ ಬಣವಿ ಪುಷ್ಪಾನ ಕೈಗೆ. ಬರಲಿಲ್ಲಂದ್ರ ಅವ್ವಂದು."

ಅವ್ವ ತಟ್ಟನೆ ಒಪ್ಪಿದಳು. ಪುಷ್ಪಾ ಕೋಣೆಗೆ ಕರೆದು ಬಾಗಿಲು ಹಾಕಿದಳು. "ಯುಗಾದಿಗೆ ಎಲ್ಲಿ ಮಳಿ ಬರತೈತ್ರಿ? ಒಣಾ ಬಣವ್ಯಾಗ ಅವು ಬೇಸಿಗಿ ಪೂರಾ ಮಲಗತಾವ. ನನ್ನ ಮಾತು ಮಾರಿ ಬಂದ್ರಲ್ಲಾ!" ಮಾರ್ಕೆಟ್ಟಿನಲ್ಲಿ ಇಷ್ಟು ಕೆಟ್ಟ ವ್ಯವಹಾರ ನಾನು ಎಂದೂ ಮಾಡಿರಲಿಲ್ಲ.

ನಮ್ಮ ಮದುವೆಗೆ ಉಡುಗೊರೆಯಾಗಿ ಬಂದ ಸೊಳ್ಳೆಪರದೆ ಬಣವೆಯ ತುದಿಗೆ ಏರಿತು. ಊರು ನೋಡಲು ಬಂತು. "ಏನವ್ವಾ, ಬಣವಿಗೆ ಸೊಳ್ಳಿ ಕಡಿತಾವೇನು?" ಎಂದು ಪಕ್ಕದ ಮನೆಯ ಮಂಗಳವ್ವ ದಿನವೂ ಕೇಳುವಳು. ದಿನಗಳು ಹೋದವು, ಒಂದು ಚಿಟ್ಟೆಯೂ ಬರಲಿಲ್ಲ. ಅವ್ವ ಮುಂಜಾನೆ ಎದ್ದು ಪರದೆ ನೋಡಿ, ಸೊಸೆಗೆ ಕೇಳುವಂತೆ ಭಜನೆ ಮಾಡುವಳು. ಪುಷ್ಪಾ ರೊಟ್ಟಿ ಬಡಿಯುವಳು. ಅಷ್ಟು ಜೋರಾಗಿ ಬಡಿದ ರೊಟ್ಟಿ ನಾನು ತಿಂದಿಲ್ಲ.

ಅಷ್ಟರಲ್ಲಿ ಅವ್ವನಿಗೆ ಒಂದು ಗುಮಾನಿ ಬಂತು. ಮಂಗಳವ್ವ ನೋಡುವ ನೆಪದಲ್ಲಿ ಬಂದು ಕಟ್ಟಿಗೆ ಎಳೆದುಕೊಂಡು ಹೋಗುತ್ತಾಳೆ ಎಂದು. "ಏ ಕಿರಣಾ, ಬಣವಿಗೊಂದು ಲೈಟ್ ಹಾಕೋ." ಹಾಕಿದೆ. ಹಾವೇರಿಯಿಂದ ದೊಡ್ಡ ಫೋಕಸ್ ಲೈಟೇ ತಂದೆ. ಹೊತ್ತು ಮುಳುಗಿದಾಗ ಹತ್ತಿದರೆ ಬೆಳಗಿನವರೆಗೂ ಉರಿಯುವುದು. ಪರದೆ ಕಟ್ಟಿದ ತುದಿಯ ಮೇಲೇ ಅದರ ಬೆಳಕು. ಕೆಳಗೆ ಬಚ್ಚಲಿನ ಒಡೆದ ಪೈಪಿನ ನೀರು ಜಿನುಗಿ ಆ ತುದಿ ಸದಾ ಹಸಿ. ಪೈಪು ರಿಪೇರಿ ಮಾಡಿಸು ಎಂದು ಪುಷ್ಪಾ ಹೇಳುತ್ತಲೇ ಇದ್ದಳು. ನಾನು ಮಾಡಿಸುತ್ತೇನೆ ಎನ್ನುತ್ತಲೇ ಇದ್ದೆ.

ಯುಗಾದಿ ಹತ್ತಿರ ಬಂತು, ಬಿಸಿಲು ಏರಿತು. ಒಂದು ಮುಂಜಾನೆ ಅವ್ವನ ಭಜನೆ ಅರ್ಧಕ್ಕೇ ನಿಂತಿತು. ಓಡಿ ಹೋದೆವು. ಪರದೆಯ ಒಳಮೈಗೆ ಬೂದುಗಂದು ಬಣ್ಣದ ಸಣ್ಣ ಚಿಟ್ಟೆಗಳು ಹತ್ತಿಕೊಂಡಿದ್ದವು. ಒಂದಲ್ಲ ಎರಡಲ್ಲ.

ಪುಷ್ಪಾ ಚಿಟ್ಟೆ ನೋಡಲಿಲ್ಲ. ಲೈಟ್ ನೋಡಿದಳು, ಹಸಿ ನೆಲ ನೋಡಿದಳು, ನನ್ನನ್ನು ನೋಡಿದಳು. "ರಾತ್ರಿಗೂ ಹಗಲು ಮಾಡಿ, ನೀರು ಬಿಟ್ಟು, ಮಳಿಗಾಲ ಬಂತು ಅಂತ ಎಬ್ಬಿಸೀರಿ ಇವನ್ನ!" ಎಂದು ನಗತೊಡಗಿದಳು. ಮದುವೆಯಾದ ಮೇಲೆ ನನ್ನ ಸೋಮಾರಿತನ ಅವಳಿಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಸುದ್ದಿ ತಿಳಿದು ಮೈಲಾರೆಪ್ಪ ಬಂದ, ಹಿಂದೆ ಊರು ಬಂತು. "ಈಗ ಹೊರಗ ಬಿಟ್ರ ಏನ್ ಮಾಡತಾವ್ರಿ?"

"ಹೊಲದಾಗ ಹತ್ತಿ ಹೂ ಇಲ್ಲ, ಕಾಯಿ ಇಲ್ಲ. ಮರಿಗೆ ತಿನ್ನಾಕ ಏನೂ ಇಲ್ಲ. ಇವು ಸುಮ್ನ ಸಾಯತಾವ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕೇಳಿದ್ರೇನು? ಕಟಗಿ ಸುಡಲಾರದ ಹುಳ ಕೊಂದೇನಿ ನಾ!"

"ಹಂಗಾರ ಎಲ್ಲಾರೂ ಒಂದೊಂದು ಲೈಟ್ ಹಚ್ಚೂಣು" ಎಂದ ಮೈಲಾರೆಪ್ಪ. ಗುಂಪು ಹೌದೆಂದು ತಲೆಯಾಡಿಸಿತು. ಪುಷ್ಪಾಳ ನಗು ನಿಂತಿತು. ಗೆದ್ದ ಪಂದ್ಯ ಕಣ್ಣೆದುರೇ ಕೈತಪ್ಪುತ್ತಿತ್ತು.

ಅವಳು ಬಣವೆಯ ಇನ್ನೊಂದು ತುದಿಗೆ, ಒಣ ಕತ್ತಲೆಗೆ ಕೈ ಹಾಕಿ ಒಂದು ಕಾಯಿ ಕಿತ್ತಳು. ಒಡೆದಳು. ಅಂಟಿಕೊಂಡ ಎರಡು ಬೀಜ ತೆಗೆದು ಅವ್ವನ ಅಂಗೈಯಲ್ಲಿಟ್ಟು ಬಿಡಿಸಿದಳು. ಒಳಗೆ ಗುಲಾಬಿ ಬಣ್ಣದ ಹುಳ ಮುದುಡಿ ಮಲಗಿತ್ತು. ಬಿಸಿಲು ತಾಗಿದಾಗ ಸೋಮಾರಿಯಂತೆ ಒಮ್ಮೆ ಹೊರಳಿತು.

"ಬೆಳಕು, ಹಸಿ ಮುಟ್ಟಿದ್ದು ಅದೊಂದು ತುದಿಗೆ, ಅತ್ತೀ. ಉಳಿದ ಬಣವಿ ಪೂರಾ ಹಿಂಗ ಮಲಗೇತಿ. ನಿಮ್ಮ ಮಾತು ಊರು ಕೇಳತೈತಿ. ನನ್ನ ಮಾತು ಕೇಳೂದಿಲ್ಲ."

ಅವ್ವ ಅಂಗೈಯನ್ನು ಕಣ್ಣಿನ ಹತ್ತಿರ ತಂದಳು. "ಭಾಡ್ಯಾ ಹುಳಾ! ನಾ ಇದಕ್ಕ ಮನಿ ಕಟ್ಟಿಕೊಟ್ಟು, ಕಾವಲಿಗೆ ಲೈಟೂ ಹಚ್ಚಿದ್ನೇನು!" ಹುಳವನ್ನು ಕಲ್ಲಿನ ಮೇಲಿಟ್ಟು ತಿಕ್ಕಿದಳು. ಆಮೇಲೆ ಊರಿನ ಕಡೆ ತಿರುಗಿದಳು. "ಪಂದ್ಯಾ ಸೋತೇನಿ. ಸುಡತೇನಿ. ಖರೇ, ಹಂಡೇವು ಇಲ್ಲದ ಸುಡೂದಿಲ್ಲ. ಎಲ್ಲಾರೂ ನಿಮ್ಮ ನಿಮ್ಮ ಹಂಡೇವು ತರ್ರಿ, ಕಟಗೀನೂ ತರ್ರಿ. ಯುಗಾದಿ ಎಣ್ಣಿನೀರು ಈ ವರ್ಷ ಊರಿಗೆಲ್ಲಾ ನಮ್ಮ ಹಿತ್ತಲದಾಗ!"

ಯುಗಾದಿಯ ದಿನ ನಮ್ಮ ಹಿತ್ತಲಿನಿಂದ ಹಿಡಿದು ಕೆರೆಯವರೆಗೆ ಒಲೆಗಳು. ಹಂಡೆ, ಕೊಡ, ಮದುವೆಯ ಪಾತ್ರೆ, ಏನು ಸಿಕ್ಕಿತೋ ಅದರಲ್ಲಿ ನೀರು. ವರ್ಷಪೂರ್ತಿ ಮೈಗೆ ನೀರು ಸೋಕಿಸದ ಮೈಲಾರೆಪ್ಪ ಎರಡು ಸಲ ಮಿಂದ. ಸಂಜೆಯ ಹೊತ್ತಿಗೆ ಊರಿನ ಬಣವೆಗಳಲ್ಲಿ ಉಳಿದದ್ದು ಬೂದಿ ಮಾತ್ರ. ಅವ್ವ ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ತಲೆಗೆ ಎಣ್ಣೆ ತಟ್ಟಿ, ತಾನೇ ನೀರು ಹಾಕಿದಳು. "ಮೈಗೆ ಹತ್ತಿತೇನು?" ಎಂದು ಕೇಳಿದಳು. ಪುಷ್ಪಾ ಹತ್ತಿತು ಎಂದಳು. ಇಬ್ಬರ ಕಣ್ಣೂ ಕೆಂಪಾಗಿತ್ತು. ಹೊಗೆ ಎಂದು ಇಬ್ಬರೂ ಹೇಳಿದರು. ನಾನು ನಂಬಲಿಲ್ಲ.

ಮಳೆ ಬಂತು, ಹತ್ತಿ ಮೊಗ್ಗು ಬಿಟ್ಟಿತು. ಪುಷ್ಪಾ ಹೊಲಕ್ಕೆ ಹೋಗಿ ಚಿಟ್ಟೆ ಹಿಡಿಯುವ ಬಲೆಗಳನ್ನು ಒಂದೊಂದಾಗಿ ನೋಡಿದಳು. ಹೆಚ್ಚುಕಡಿಮೆ ಖಾಲಿ. ಓಡಿ ಬಂದು ಅತ್ತೆಗೆ ಮೊದಲು ಹೇಳಿದಳು, ನನಗೆ ಆಮೇಲೆ.

ಅದೇ ಸಂಜೆ ಪಡಸಾಲೆಯ ಗೋಡೆಯ ಮೇಲೆ ಬೂದುಗಂದು ಚಿಟ್ಟೆಯೊಂದು ಬಂದು ಕೂತಿತು. ಅವ್ವ ಚಪ್ಪಲಿಯಿಂದ ಒಂದೇ ಏಟು ಹಾಕಿದಳು.

"ಇದು ನಮ್ಮ ಮನಿದಲ್ಲ" ಎಂದಳು. "ಆ ಮಂಗಳವ್ವ ಕದ್ದ ಕಟಗೀದು. ಪುಷ್ಪಾ, ನಡಿ, ಅಕಿ ಮಂಚದ ಬುಡಕ ನೋಡಿ ಬರೂಣು."

ಅತ್ತೆ ಸೊಸೆ ಇಬ್ಬರೂ ಬ್ಯಾಟರಿ ಹಿಡಿದು ಜೋಡಿಯಾಗಿ ಹೋದರು. ಬರುವಾಗ ಅವ್ವನ ತಲೆಯ ಮೇಲೆ ಒಂದು ಹೊರೆ ಹತ್ತಿಕಟ್ಟಿಗೆ ಇತ್ತು.